ಬಿದ್ರಿ ಮಾರುವ ಮೊದಲು ಆರು ವಾರ ಬರೀ ಮಾತು: ಬೀದರಿನಿಂದ ನನ್ನ ದಾಖಲೆ

ಹೋದ ವರ್ಷ ದೀಪಾವಳಿಗೆ ಮುಂಚೆ ಲಿಂಕ್ಡ್‌ಇನ್‌ನಲ್ಲಿ ಅರವತ್ತು ಜನರಿಗೆ ಒಂದೇ ಮೆಸೇಜ್ ಕಳಿಸಿದ್ದೆ. ಎಲ್ಲರೂ ಬೆಂಗಳೂರು, ಹೈದರಾಬಾದ್ ಕಂಪನಿಗಳ ಎಚ್‌ಆರ್, ಅಡ್ಮಿನ್ ಜನ. ಜೊತೆಗೆ ಬಿದ್ರಿ ಗಿಫ್ಟ್‌ಗಳ ಕ್ಯಾಟಲಾಗ್ ಇತ್ತು. ಬಂದ ಉತ್ತರ ಒಂದೇ: ಬೇಡ, ಥ್ಯಾಂಕ್ಸ್.

ಬಿದ್ರಿ ಮಾಡುವವರು ನಮ್ಮ ಓಣಿಯ ಚಾಚಾ. ನಾನು ಸಂಜೆ ಹೊತ್ತು ಅವರಿಗಾಗಿ ಗಿರಾಕಿ ಹುಡುಕುತ್ತೇನೆ. ಆ ಅರವತ್ತು ಮೆಸೇಜಿನ ಕಥೆ ಕೇಳಿ ಚಾಚಾ ಅಂದರು: "ಗುರುತಿಲ್ಲದವರ ಮನಿಗೆ ಹೋಗಿ ಮೊದಲನೇ ಮಾತಿಗೇ ರೊಕ್ಕ ಕೇಳಿದ್ರ ಯಾರು ಕೊಡ್ತಾರ, ಬೇಟಾ?" ಅದಕ್ಕೇ ಈ ಸಲ ದಾರಿ ಬದಲಿಸಿದೆ. ಕೆಲವೇ ಜನರನ್ನು ಆರಿಸಿಕೊಂಡು, ಅವರು ಬರೆಯುವುದನ್ನು ಕೆಲವು ವಾರ ಓದಿ, ಅಲ್ಲೇ ಮಾತಾಡಿ, ಆಮೇಲೆ ಕೇಳುವುದು. ದೀಪಾವಳಿ ಗಿಫ್ಟ್ ಯಾವುದು ಅನ್ನುವುದು ಹಬ್ಬಕ್ಕೆ ಎರಡು ಮೂರು ತಿಂಗಳ ಮೊದಲೇ ತೀರ್ಮಾನ ಆಗಿರುತ್ತದೆ. ಹಾಗಾಗಿ ಜೂನ್‌ನಲ್ಲೇ ಶುರು ಮಾಡಿದೆ.

ಮೊದಲ ವಾರ: ಆರಿಸುವುದು, ಓದುವುದು

ನಲವತ್ತು ಹೆಸರಿನ ಪಟ್ಟಿ ಏಳಕ್ಕೆ ಇಳಿಯಿತು. ಮೂರೇ ಪ್ರಶ್ನೆ ಕೇಳಿಕೊಂಡೆ. ತಿಂಗಳಿಗೆ ಎರಡಾದರೂ ಪೋಸ್ಟ್ ಹಾಕುತ್ತಾರಾ? ಕಾಮೆಂಟಿಗೆ ತಾವೇ ಉತ್ತರ ಕೊಡುತ್ತಾರಾ? ಗಿಫ್ಟ್ ವಿಷಯದಲ್ಲಿ ಅವರ ಮಾತು ನಡೆಯುತ್ತದಾ? ಮೊದಲ ಎರಡಕ್ಕೆ ಉತ್ತರ ಅವರ ಪ್ರೊಫೈಲ್‌ನಲ್ಲೇ ಸಿಗುತ್ತದೆ. ಆಕ್ಟಿವಿಟಿ ಅನ್ನುವ ಭಾಗದಲ್ಲಿ ಹಳೆಯ ಪೋಸ್ಟ್‌ಗಳೆಲ್ಲ ಕಾಣುತ್ತವೆ. ತುಂಬಾ ಜನ ಇಲ್ಲೇ ಬಿದ್ದುಹೋದರು. ಪೋಸ್ಟೇ ಹಾಕದವರ ಹತ್ತಿರ ಈ ದಾರಿಯಿಂದ ಹೋಗಲು ಆಗುವುದಿಲ್ಲ. ಅವರಿಗೆ ಫೋನೋ, ಯಾರಾದರೂ ಪರಿಚಯದವರೋ ಬೇಕು.

ಏಳು ಜನರನ್ನೂ ಫಾಲೋ ಮಾಡಿ, ಪ್ರೊಫೈಲ್ ಮೇಲಿನ ಗಂಟೆ ಗುರುತು ಒತ್ತಿಟ್ಟೆ. ಆಗ ಅವರ ಪೋಸ್ಟ್ ಬಂದಾಗ ನನಗೆ ತಿಳಿಯುತ್ತದೆ. ಕನೆಕ್ಷನ್ ಕೇಳಲಿಲ್ಲ.

ಅದೇ ವಾರ ನನ್ನ ಪ್ರೊಫೈಲನ್ನೂ ಸರಿ ಮಾಡಿದೆ. ನಾವು ಎಲ್ಲೇ ಕಾಮೆಂಟ್ ಹಾಕಿದರೂ ಹೆಸರಿನ ಕೆಳಗೆ ನಮ್ಮ ಹೆಡ್‌ಲೈನ್ ಕಾಣುತ್ತದೆ. ನನ್ನದರಲ್ಲಿ "ಎಲ್ಲ ಬಗೆಯ ಕಾರ್ಪೊರೇಟ್ ಗಿಫ್ಟ್, ಕಡಿಮೆ ದರ" ಅಂತ ಇತ್ತು. ಅದು ಇರುವವರೆಗೆ ನಾನು ಏನೇ ಬರೆದರೂ ಅಂಗಡಿ ಬೋರ್ಡು ಓದಿದ ಹಾಗೆಯೇ. ಅದನ್ನು "ಬೀದರಿನ ಬಿದ್ರಿ ಕುಶಲಕರ್ಮಿಗಳ ಜೊತೆ ಕೆಲಸ, ಮಾರಾಟ ನನ್ನ ಪಾಲು" ಅಂತ ಬದಲಿಸಿದೆ. ಮಾರಾಟದ ಮಾತು ಬೇಕಂತಲೇ ಉಳಿಸಿಕೊಂಡೆ. ಆರು ವಾರ ಸುಮ್ನೆ ಗೆಳತಿಯ ಹಾಗೆ ಮಾತಾಡಿ, ಆಮೇಲೆ ದಿಢೀರ್ ಅಂತ ವ್ಯಾಪಾರಿ ಅಂತ ಗೊತ್ತಾದರೆ ಅವರಿಗೆ ಮೋಸ ಅನ್ನಿಸುತ್ತದೆ, ಅಲ್ವಾ? ಮೊದಲೇ ಗೊತ್ತಿದ್ದರೆ ಹಾಗಾಗುವುದಿಲ್ಲ.

ಕಾಮೆಂಟ್ ನೋಡಿ ನನ್ನ ಪ್ರೊಫೈಲಿಗೆ ಬಂದವರಿಗೆ ಏನಾದರೂ ಕಾಣಲಿ ಅಂತ ಮೂರು ಪೋಸ್ಟ್ ಕೂಡ ಹಾಕಿದೆ. ಒಂದು, ಬಿದ್ರಿ ಕಪ್ಪಾಗುವ ಗಳಿಗೆಯ ಬಗ್ಗೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಚಿತ್ತಾರ ಕೊರೆದು ಅದರೊಳಗೆ ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ, ಬಿಸಿ ಮಾಡಿದ ವಸ್ತುವಿನ ಮೇಲೆ ಉಜ್ಜುತ್ತಾರೆ. ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕೆಲಸ ಎಷ್ಟು ಸಲ ನೋಡಿದರೂ ನನಗೆ ಸಾಕು ಅನ್ನಿಸುವುದಿಲ್ಲ.

ಎರಡು, ಮೂರನೆಯ ವಾರ: ಕಾಮೆಂಟ್

ಏಳು ಜನರಲ್ಲಿ ಒಬ್ಬರ ಕಥೆಯನ್ನಷ್ಟೇ ಪೂರ್ತಿ ಹೇಳುತ್ತೇನೆ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಚ್‌ಆರ್ ಮುಖ್ಯಸ್ಥೆ. ಮೇಡಂ ಅಂತಲೇ ಕರೆಯುತ್ತೇನೆ. ಮಂಗಳವಾರ, ಗುರುವಾರ ಬೆಳಿಗ್ಗೆ ಬರೆಯುತ್ತಾರೆ. ಬರೆಯುವುದು ಇಂಗ್ಲಿಷಿನಲ್ಲಿ, ನನ್ನ ಕಾಮೆಂಟೂ ಇಂಗ್ಲಿಷಿನಲ್ಲೇ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ನನ್ನ ಮೊದಲ ಕಾಮೆಂಟ್ "ತುಂಬಾ ಚೆನ್ನಾಗಿ ಹೇಳಿದ್ದೀರಿ ಮೇಡಂ". ಅದಕ್ಕೊಂದು ಲೈಕ್ ಬಂತು, ಅಷ್ಟೇ. ಅದೇ ಪೋಸ್ಟಿನ ಕೆಳಗೆ ಅಂಥವು ಇನ್ನೂ ಹನ್ನೊಂದು ಇದ್ದವು. ಇನ್ನೊಬ್ಬರು ಮಾತ್ರ ತಮ್ಮ ಆಫೀಸಿನ ಒಂದು ಘಟನೆ ಬರೆದಿದ್ದರು. ಮೇಡಂ ಅವರಿಗೆ ಮೂರು ಸಾಲು ಉತ್ತರ ಕೊಟ್ಟಿದ್ದರು. ವ್ಯತ್ಯಾಸ ಕಣ್ಣೆದುರೇ ಇತ್ತು.

ಮುಂದಿನ ಗುರುವಾರ ಅವರು ಕೆಲಸ ಬಿಟ್ಟು ಹೋಗುವವರ ಬಗ್ಗೆ ಬರೆದರು. "ನಾನು ಏನು ಮಾಡ್ತಿದ್ದೆ ಅಂತ ಇಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ" ಅಂತ ಒಬ್ಬ ಹುಡುಗ ಹೇಳಿ ಹೋದನಂತೆ. ನಾನು ಆ ಒಂದು ಸಾಲನ್ನೇ ಹಿಡಿದುಕೊಂಡೆ:

"ಆ ಹುಡುಗನ ಮಾತು ಓದಿ ನಮ್ಮೂರಿನ ಬಿದ್ರಿ ಕೆಲಸ ನೆನಪಾಯಿತು. ಎರಕ ಹೊಯ್ಯುವವರು ಒಬ್ಬರು, ಕೊರೆಯುವವರು ಇನ್ನೊಬ್ಬರು, ಬೆಳ್ಳಿ ಕೂರಿಸುವವರು ಮತ್ತೊಬ್ಬರು. ಕೊಂಡವರಿಗೆ ಯಾರ ಹೆಸರೂ ಗೊತ್ತಿರುವುದಿಲ್ಲ. ನಮ್ಮ ಚಾಚಾ ಮಾತ್ರ ವಸ್ತು ಕೊಡುವಾಗ ಇದು ಇಂಥವರ ಕೈ ಅಂತ ಹೇಳಿಯೇ ಕೊಡುತ್ತಾರೆ. ನಿಮ್ಮಲ್ಲಿ ಹೀಗೆ ಹಿಂದೆ ಇದ್ದು ಕೆಲಸ ಮಾಡುವವರ ಹೆಸರು ನಿಮ್ಮವರೆಗೆ ಹೇಗೆ ಬರುತ್ತದೆ?"

ನಾಲ್ಕು ಸಾಲು ಉತ್ತರ ಬಂತು. ಕೊನೆಗೆ ಅವರೇ ಕೇಳಿದ್ದರು: ಚಾಚಾ ಹೆಸರು ಹೇಳಿದಾಗ ಕೊಂಡವರು ಏನನ್ನುತ್ತಾರೆ? ನಾನು ಉತ್ತರಿಸಿದೆ. ಅವತ್ತೇ ಸಂಜೆ ಅವರು ನನ್ನ ಪ್ರೊಫೈಲ್ ನೋಡಿದ್ದು ತಿಳಿಯಿತು.

ಆಮೇಲಿಂದ ಕಾಮೆಂಟ್ ಬರೆಯುವಾಗ ಇದೇ ರೀತಿ ಇಟ್ಟುಕೊಂಡೆ. ಅವರ ಒಂದೇ ಸಾಲು, ಅದಕ್ಕೆ ನನಗೆ ಗೊತ್ತಿರುವ ಒಂದು ನಿಜವಾದ ಸಂಗತಿ, ಅವರಿಗೆ ಉತ್ತರಿಸಲು ಖುಷಿಯಾಗುವ ಒಂದು ಪ್ರಶ್ನೆ. ಹೇಳಲು ಏನೂ ಇಲ್ಲದಿದ್ದರೆ ಬರೆಯಲಿಲ್ಲ. ವಾರಕ್ಕೆ ಒಂದು, ಹೆಚ್ಚೆಂದರೆ ಎರಡು.

ತಪ್ಪು ಕೂಡ ಆಯಿತು, ಬೇರೆಯವರ ಹತ್ತಿರ. ಹೈದರಾಬಾದಿನ ಒಬ್ಬ ಹೋಟೆಲ್ ಮ್ಯಾನೇಜರ್ ಅವರ ಹಳೆಯ ಪೋಸ್ಟ್‌ಗಳನ್ನು ಒಂದೇ ರಾತ್ರಿ ಓದುತ್ತಾ ಒಂಬತ್ತಕ್ಕೆ ಲೈಕ್ ಒತ್ತಿದೆ. ಒಂದೊಂದು ಲೈಕಿಗೂ ಅವರಿಗೆ ಸೂಚನೆ ಹೋಗುತ್ತದೆ. ಗುರುತಿಲ್ಲದವರು ಎರಡು ವರ್ಷ ಹಳೆಯ ಪೋಸ್ಟ್‌ವರೆಗೂ ಕೆದಕಿದರೆ ಯಾರಿಗಾದರೂ ಮುಜುಗರ ಆಗುತ್ತದೆ. ಅವರು ನನ್ನ ಯಾವ ಕಾಮೆಂಟಿಗೂ ಉತ್ತರಿಸಲಿಲ್ಲ, ಕನೆಕ್ಷನ್ನೂ ಒಪ್ಪಲಿಲ್ಲ. ಹಳೆಯದನ್ನು ಓದಬೇಕು, ಮುಟ್ಟಬಾರದು.

ನಾಲ್ಕನೆಯ ವಾರ: ಕನೆಕ್ಷನ್

ಮೇಡಂ ಜೊತೆ ಮೂರು ಸಲ ಮಾತು ಆಡಿ ಆದ ಮೇಲೆ ಕನೆಕ್ಷನ್ ಕೇಳಿದೆ. ಎರಡೇ ಸಾಲು: "ಹೆಸರು ಹೇಳಿ ಕೊಡುವ ಬಗ್ಗೆ ನಾವು ಮಾತಾಡಿದ್ದು ನೆನಪಿದೆ. ನಿಮ್ಮ ಬರಹ ಓದುತ್ತಿರಲು ಇಷ್ಟ." ಅವತ್ತೇ ಒಪ್ಪಿದರು. ಒಪ್ಪಿದ ಐದು ನಿಮಿಷಕ್ಕೆ ಕ್ಯಾಟಲಾಗ್ ಕಳಿಸುವವರನ್ನು ಎಲ್ಲರೂ ನೋಡಿದ್ದೇವೆ. ನಾನು ಏನೂ ಕಳಿಸಲಿಲ್ಲ.

ಅದೇ ವಾರ ಅವರು ಬರೆದರು: ಐದು ವರ್ಷ ಕೆಲಸ ಮಾಡಿದವರಿಗೆ ಕೊಡುವ ಗಾಜಿನಂಥ ಪ್ಲಾಸ್ಟಿಕ್ ಫಲಕಗಳು ಡ್ರಾಯರ್ ಸೇರುತ್ತವೆ, ಯಾರೂ ಮನೆಗೆ ಒಯ್ಯುವುದಿಲ್ಲ. ಓದಿದ ಕೂಡಲೇ ಕೈ ಕೀಬೋರ್ಡಿಗೆ ಹೋಯಿತು. ಆದರೆ ಎಲ್ಲರ ಎದುರು "ನಮ್ಮಲ್ಲಿ ಇದಕ್ಕಿಂತ ಒಳ್ಳೆಯದು ಇದೆ" ಅಂದರೆ ಇಲ್ಲ ಅನ್ನಲು ಅವರಿಗೆ ಕಷ್ಟ, ಹೌದು ಅನ್ನಲೂ ಕಷ್ಟ. ಜನ ಮನೆಗೆ ಒಯ್ದ ವಸ್ತು ಯಾವುದಾದರೂ ಇತ್ತಾ ಅಂತ ಮಾತ್ರ ಕೇಳಿದೆ. ಹೆಸರಿದ್ದ ಒಂದು ಮರದ ಪೆನ್‌ಸ್ಟ್ಯಾಂಡ್ ಅಂದರು. ನನಗೆ ಬೇಕಾದ ಸುಳಿವು ಅದರಲ್ಲೇ ಇತ್ತು. ನನ್ನ ಕ್ಯಾಟಲಾಗಿನಲ್ಲಿ ಹೂದಾನಿಗಳೇ ಜಾಸ್ತಿ. ಅವರಿಗೆ ಬೇಕಿರುವುದು ಮೇಜಿನ ಮೇಲೆ ಇಡುವ, ಹೆಸರಿರುವ ಸಣ್ಣ ವಸ್ತು.

ಐದನೆಯ ವಾರ

ಮೆಸೇಜ್ ಬರೆದಿಟ್ಟಿದ್ದೆ. ಅಷ್ಟರಲ್ಲಿ ತಾಯಿ ಆಸ್ಪತ್ರೆಯಲ್ಲಿದ್ದಾರೆ ಅಂತ ಮೇಡಂ ಹಾಕಿದರು. ಬೇಗ ಗುಣವಾಗಲಿ ಅಂತ ಒಂದು ಸಾಲು ಬರೆದು, ನನ್ನ ಮೆಸೇಜ್ ತಡೆದಿಟ್ಟೆ. ಅವರು ಮತ್ತೆ ಕೆಲಸದ ಬಗ್ಗೆ ಬರೆಯಲು ಶುರು ಮಾಡುವವರೆಗೂ ಕಾದೆ.

ಆರನೆಯ ವಾರ: ಕೇಳಿದ್ದು

ಬುಧವಾರ ಬೆಳಿಗ್ಗೆ ಕಳಿಸಿದ್ದು ಇದು:

"ಮೇಡಂ, ಫಲಕಗಳು ಡ್ರಾಯರ್ ಸೇರುವ ಬಗ್ಗೆ ನೀವು ಬರೆದದ್ದು ಮನಸ್ಸಿನಲ್ಲೇ ಇದೆ. ಇದು ವ್ಯಾಪಾರದ ಮೆಸೇಜ್, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಐದು ವರ್ಷ ಮುಗಿಸಿದವರ ಹೆಸರನ್ನು ಬೆಳ್ಳಿಯಲ್ಲಿ ಕೂರಿಸಿದ ಸಣ್ಣ ಬಿದ್ರಿ ಪೆನ್‌ಸ್ಟ್ಯಾಂಡ್ ಚಾಚಾ ಮಾಡಿಕೊಡಬಲ್ಲರು. ಮಾಡಿದವರ ಹೆಸರಿನ ಚೀಟಿಯೂ ಜೊತೆಗಿರುತ್ತದೆ. ಒಂದು ಫೋಟೋ, ದರ ಕಳಿಸಲಾ? ಬೇಡ ಅಂದರೂ ಏನೂ ಬೇಜಾರಿಲ್ಲ, ನಿಮ್ಮ ಬರಹ ಓದುವುದು ನಿಲ್ಲಿಸುವುದಿಲ್ಲ."

ಒಂದೇ ವಸ್ತು, ಒಂದೇ ಪ್ರಶ್ನೆ. ಲಿಂಕ್ ಇಲ್ಲ, ಕ್ಯಾಟಲಾಗ್ ಇಲ್ಲ. ಮರುದಿನ "ಕಳಿಸಿ" ಅಂತ ಬಂತು. ದೀಪಾವಳಿಯ ದೊಡ್ಡ ಆರ್ಡರ್ ಖರೀದಿ ವಿಭಾಗದ ಕೈಯಲ್ಲಿದೆಯಂತೆ, ಅದು ಅವರಿಂದ ಆಗುವುದಿಲ್ಲ. ಐದು ವರ್ಷದವರ ನೆನಪಿನ ಕಾಣಿಕೆ ಮಾತ್ರ ಅವರದೇ ತೀರ್ಮಾನ. ಮೊದಲ ವಾರ ಕೇಳಿಕೊಂಡ ಮೂರನೆಯ ಪ್ರಶ್ನೆಗೆ ನಾನು ಅಂದಾಜಿನಲ್ಲಿ ಉತ್ತರ ಕೊಟ್ಟುಕೊಂಡಿದ್ದೆ. ನಿಜವಾದ ಉತ್ತರ ಅವತ್ತು ಸಿಕ್ಕಿತು.

ಹನ್ನೆರಡು ಪೆನ್‌ಸ್ಟ್ಯಾಂಡ್, ಒಂದಕ್ಕೆ 1,850 ರೂಪಾಯಿ, ಒಟ್ಟು 22,200. ಹೆಸರುಗಳನ್ನು ಕೊನೆಗೆ ಸೇರಿಸಬಹುದಾ ಅಂತ ಕೇಳಿದರು. ಆಗುವುದಿಲ್ಲ ಅಂದೆ. ಬೆಳ್ಳಿ ಕೂರಿಸಿದ ಮೇಲೆಯೇ ಕಪ್ಪು ಮಾಡುವುದು, ಹಾಗಾಗಿ ಹೆಸರಿನ ಪಟ್ಟಿ ಮೊದಲೇ ಬೇಕು. ನನ್ನ ಪೋಸ್ಟ್ ಓದಿದ್ದರಿಂದ ಅವರಿಗೆ ತಕ್ಷಣ ಅರ್ಥವಾಯಿತು.

ಲೆಕ್ಕ

ಉಳಿದ ಆರು ಜನರಲ್ಲಿ ಹೋಟೆಲಿನವರ ಕಥೆ ಹೇಳಿದೆ. ಇಬ್ಬರು ಪೋಸ್ಟ್ ಹಾಕುವುದನ್ನೇ ನಿಲ್ಲಿಸಿದರು. ಒಬ್ಬರ ಖಾತೆಯಲ್ಲಿ ಎಲ್ಲ ಉತ್ತರವೂ ಒಂದೇ ಅಚ್ಚಿನಲ್ಲಿ ಬರುತ್ತಿತ್ತು. ಬೇರೆ ಯಾರೋ ಅವರ ಪರವಾಗಿ ಬರೆಯುತ್ತಿದ್ದಾರೆ ಅನ್ನಿಸಿ ಬಿಟ್ಟೆ. ಒಬ್ಬರು ಬರುವ ವರ್ಷ ನೋಡೋಣ ಅಂದರು. ಇನ್ನೊಬ್ಬರು ಕಾಮೆಂಟಿಗೆ ಚೆನ್ನಾಗಿ ಉತ್ತರಿಸುತ್ತಿದ್ದರು, ವ್ಯಾಪಾರದ ಮೆಸೇಜಿಗೆ ಮಾತ್ರ ಮೌನ. ಅವರಿಗೆ ಎರಡನೆಯ ಸಲ ಕೇಳಲಿಲ್ಲ. ಅವರ ಪೋಸ್ಟ್ ಈಗಲೂ ಓದುತ್ತೇನೆ, ಹೇಳಲು ಏನಾದರೂ ಇದ್ದರೆ ಬರೆಯುತ್ತೇನೆ.

ವಾರಕ್ಕೆ ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಆರು ವಾರ. ಒಟ್ಟು ಹತ್ತು ಗಂಟೆ. ಕೀಚೈನ್ ಒಂದೆರಡು ಕೊಳ್ಳುವವರಿಗೆ ಇಷ್ಟು ಹೊತ್ತು ಕೊಡಲಾಗದು, ಅವರಿಗೆ ಮಾಮೂಲಿ ದಾರಿಯೇ ಸರಿ. ಏಳಕ್ಕಿಂತ ಜಾಸ್ತಿ ಜನರನ್ನೂ ಹಿಡಿದುಕೊಳ್ಳಲಾರೆ. ಒಂದು ವಾರ ಹತ್ತು ಜನರ ಪೋಸ್ಟ್ ಓದಲು ಹೋಗಿ, ಕಾಮೆಂಟುಗಳೆಲ್ಲ ಮತ್ತೆ "ತುಂಬಾ ಚೆನ್ನಾಗಿದೆ" ಕಡೆಗೆ ವಾಲಿದ್ದವು.

ನಿನ್ನೆ ಹನ್ನೆರಡು ಹೆಸರಿನ ಪಟ್ಟಿ ಬಂತು. ಚಾಚಾ ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಓದಿಸಿಕೊಂಡರು. ಮೂರನೆಯ ಹೆಸರಿನ ಅಕ್ಷರ ಉದ್ದ ಇದೆ, ಅದಕ್ಕೆ ತೆಳುವಾದ ತಂತಿ ಬೇಕಂತೆ. ಎರಕ ಸೋಮವಾರ.