ಹಂಪಿ–ಬಾದಾಮಿಗೆ ಹೊರಟಿದ್ದೀರಲ್ಲ, ಲೆಕ್ಕ ಬರೆಯೋಕೆ ಈ ಆ್ಯಪ್ ಹಾಕಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಮೆಸೇಜು ಉದ್ದವಾಗುತ್ತೆ, ಕಾಫಿ ಹಿಡ್ಕೊಂಡು ಕೂತು ಓದಿ.

ನೀವು ಮುಂದಿನ ತಿಂಗಳು ಹೋಗುತ್ತಿರುವ ದಾರಿಯಲ್ಲೇ ನಾವು ಆಫೀಸಿನ ಐದು ಜನ ಹೋಗಿ ಬಂದೆವು. ಬೆಂಗಳೂರಿಂದ ಹೊಸಪೇಟೆ, ಅಲ್ಲಿ ಎರಡು ರಾತ್ರಿ. ಆಮೇಲೆ ಕುಷ್ಟಗಿ, ಇಳಕಲ್ ಮೇಲೆ ಹೋಗಿ ಐಹೊಳೆ, ಪಟ್ಟದಕಲ್ಲು ನೋಡಿ ಬಾದಾಮಿಯಲ್ಲಿ ಒಂದು ರಾತ್ರಿ. ಜಾಗಗಳ ಬಗ್ಗೆ ನಾನು ಹೇಳಬೇಕಾದ್ದು ಜಾಸ್ತಿ ಇಲ್ಲ. ವಿಠ್ಠಲ ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಹೋಗಿ, ಅಲ್ಲಿನ ಟಿಕೆಟ್ ಎಸೆಯಬೇಡಿ. ಕಮಲ ಮಹಲ್ ಇರುವ ಜನಾನಾ ಆವರಣಕ್ಕೂ ಅದೇ ದಿನ ಅದೇ ಟಿಕೆಟ್ ನಡೆಯುತ್ತೆ. ಬಾದಾಮಿ ಗುಹೆಗಳ ಮೆಟ್ಟಿಲಲ್ಲಿ ಕೋತಿ ಕಾಟ ಇದೆ, ಕೈಯಲ್ಲಿ ತಿಂಡಿ ಇರಬಾರದು. ಬನಶಂಕರಿ ಗುಡಿ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅಮ್ಮಂದಿರ ಹತ್ತಿರ ಜೋಳದ ರೊಟ್ಟಿ, ಪಲ್ಯ, ಮೊಸರು ತಿನ್ನದೆ ಬರಬೇಡಿ.

ನಾನು ಬರೆಯೋಕೆ ಕೂತದ್ದು ದುಡ್ಡಿನ ವಿಷಯಕ್ಕೆ. ಹೋದ ಸಲ ನಾವೆಲ್ಲ ಸಕಲೇಶಪುರಕ್ಕೆ ಹೋಗಿದ್ದು ನೆನಪಿದೆಯಲ್ವಾ? ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನೋದು ಮೂರು ವಾರ ಈ ಗುಂಪಲ್ಲೇ ನಡೆಯಿತು. ಕೊನೆಗೆ ಬೇಜಾರಾಗಿ ಬಿಟ್ಟೆವು. ಈ ಸಲ ಸ್ಪ್ಲಿಟ್‌ವೈಸ್ ಹಾಕಿಕೊಳ್ಳಿ. ಪ್ಲೇ ಸ್ಟೋರಲ್ಲಿ Splitwise ಅಂತ ಹುಡುಕಿದರೆ ಸಿಗುತ್ತೆ. ಒಂದು ಗುಂಪು ಮಾಡಿ ಎಲ್ಲರೂ ಸೇರಿಕೊಂಡರೆ ಆಯ್ತು. ಯಾರು ಕೊಟ್ಟರು, ಎಷ್ಟು, ಯಾರ್ಯಾರ ಪಾಲಿಗೆ ಅಂತ ಹಾಕುತ್ತಾ ಹೋಗಬೇಕು. ಉಳಿದ ಕೂಡಿ ಕಳೆಯೋದೆಲ್ಲ ಅದರ ಕೆಲಸ. ಆದರೆ ಹಾಕುವಾಗ ಎಡವುವ ಜಾಗ ಕೆಲವಿವೆ, ನಾವು ಎಲ್ಲದರಲ್ಲೂ ಎಡವಿದ್ದೇವೆ.

ಮೊದಲನೆಯದು ಪೆಟ್ರೋಲು. ನಾವು ಬೆಂಗಳೂರಿಂದ ಹೊರಟದ್ದು ನಾಲ್ಕೇ ಜನ: ನಾನು, ಮಂಜು, ಪ್ರಸಾದ, ಅವನ ಹೆಂಡತಿ ಶ್ರುತಿ. ಕಾರು ಮಂಜುದು. ಗಿರೀಶ ಮೈಸೂರಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ ನೇರ ಹೊಸಪೇಟೆಗೆ ಬಂದ. ಹೋಗುವ ದಾರಿಯ ಪೆಟ್ರೋಲಿಗೂ ಟೋಲಿಗೂ ಅವನು ಯಾಕೆ ಕೊಡಬೇಕು? ತನ್ನ ರೈಲು ಟಿಕೆಟ್ಟು ತಾನೇ ಕೊಟ್ಟಿದ್ದಾನೆ. ಆದರೆ ಆ್ಯಪಿನಲ್ಲಿ ಖರ್ಚು ಹಾಕಿದರೆ ಅದು ತಾನಾಗಿ ಗುಂಪಿನ ಎಲ್ಲರಿಗೂ ಸಮನಾಗಿ ಹಂಚಿಬಿಡುತ್ತೆ. ನಾನು ಅವಸರದಲ್ಲಿ 2400 ಹಾಕಿ ಸೇವ್ ಮಾಡಿದೆ. ರಾತ್ರಿ ಗಿರೀಶ ಫೋನು ತೋರಿಸಿ, "ಏನಪ್ಪಾ, ನಾನು ಕೂರದ ಕಾರಿಗೆ ನನ್ನ ಕೈಲಿ 480 ಹಾಕಿಸಿದ್ದೀಯಾ?" ಅಂದ. ಸಮನಾಗಿ ಹಂಚೋದು ಅನ್ನುವ ಕಡೆ ಒತ್ತಿದರೆ ಎಲ್ಲರ ಹೆಸರು ಬರುತ್ತೆ. ಗಿರೀಶನ ಮುಂದಿನ ಟಿಕ್ ತೆಗೆದೆ. ಉಳಿದ ನಾಲ್ವರಿಗೆ ತಲಾ 600 ಆಯಿತು. ನೀವೂ ಸೇವ್ ಮಾಡುವ ಮುಂಚೆ ತಲಾ ಎಷ್ಟು ಬಂತು ಅಂತ ಒಮ್ಮೆ ನೋಡಿ. ಹೊತ್ತು ಹಿಡಿಯಲ್ಲ.

ಆ 2400 ಹೇಗೆ ಬಂತು ಅನ್ನೋದನ್ನೂ ಹೇಳುತ್ತೇನೆ, ಇದು ಮಂಜು ಕಲಿಸಿದ ಬುದ್ಧಿ. ಮನೆಯಿಂದ ಹೊರಡುವಾಗ ಟ್ಯಾಂಕ್ ಫುಲ್ ಇತ್ತು. ಹೊಸಪೇಟೆ ಮುಟ್ಟಿದ ಕೂಡಲೇ ಮತ್ತೆ ಫುಲ್ ಮಾಡಿಸಿದ. ಬಂಕಿನಲ್ಲಿ ಎಷ್ಟು ಹಿಡಿಯಿತೋ ಅದೇ ಅಲ್ಲಿವರೆಗಿನ ಖರ್ಚು. ವಾಪಸ್ಸು ಬಂದು ಬೆಂಗಳೂರಲ್ಲಿ ಕೊನೆಗೊಮ್ಮೆ ಫುಲ್ ಮಾಡಿಸಿದರೆ ಉಳಿದ ದಾರಿಯ ಲೆಕ್ಕವೂ ಸರಿಯಾಗಿ ಸಿಗುತ್ತೆ. ನಡುವೆ ಯಾರಾದರೂ ಇಳಿಯುವುದು, ಹತ್ತುವುದು ಇದ್ದರೆ ಅಲ್ಲೊಂದು ಸಲ ಫುಲ್ ಮಾಡಿಸಿ. ಕಿಲೋಮೀಟರಿಗೆ ಇಷ್ಟು ಅಂತ ಗುಣಿಸುತ್ತಾ ಕೂರೋದು ತಪ್ಪುತ್ತೆ.

ಎರಡನೆಯದು ರೂಮು. ಜಗಳ ಬರೋದಿದ್ದರೆ ಇಲ್ಲೇ. ಹೊಸಪೇಟೆಯಲ್ಲಿ ರಾತ್ರಿಗೆ 2100ರ ಎರಡು ರೂಮು, ಎರಡು ರಾತ್ರಿ, ಒಟ್ಟು 8400. ಕೊಟ್ಟವನು ನಾನು. ತಲೆ ಲೆಕ್ಕ ಹಾಕಿದರೆ ಎಲ್ಲರಿಗೂ 1680. ಆದರೆ ಪ್ರಸಾದ, ಶ್ರುತಿ ಒಂದು ರೂಮಲ್ಲಿ ಇಬ್ಬರೇ. ನಾವು ಮೂವರು ಇನ್ನೊಂದರಲ್ಲಿ, ಅದರಲ್ಲಿ ಒಬ್ಬ ನೆಲದ ಮೇಲೆ ಹಾಸಿಗೆ ಹಾಕಿಸಿಕೊಂಡು. ರೂಮಿನ ಲೆಕ್ಕ ಹಾಕಿದರೆ ಅವರಿಗೆ ತಲಾ 2100, ನಮಗೆ ತಲಾ 1400. ಯಾವುದು ಸರಿ ಅನ್ನೋದನ್ನು ಆ್ಯಪ್ ಹೇಳಲ್ಲ. ಅದು ನೀವು ಹೊರಡುವ ಮುಂಚೆ ಮಾತಾಡಿಕೊಳ್ಳಬೇಕಾದ್ದು. ನಮ್ಮಲ್ಲಿ ಶ್ರುತಿಯೇ ಬಾಯಿಬಿಟ್ಟು, "ರೂಮಿನ ಲೆಕ್ಕವೇ ಇರಲಿ, ಇಲ್ಲಾಂದ್ರೆ ನಂಗೆ ನಿದ್ದೆ ಬರಲ್ಲ" ಅಂದಳು, ಬಚಾವಾದೆವು. ಹಾಕುವುದು ಸುಲಭ: ಒಂದೊಂದು ರೂಮನ್ನೂ ಬೇರೆ ಬೇರೆ ಖರ್ಚಾಗಿ ಹಾಕಿ, ಆಯಾ ರೂಮಿನವರಿಗೆ ಮಾತ್ರ ಟಿಕ್ ಇಡಿ.

ನಿಮ್ಮಲ್ಲಿ ಸುಮಾ ಮಗನನ್ನು ಕರೆದುಕೊಂಡು ಬರುತ್ತಾಳೆ ಅಂತ ಕೇಳಿದೆ. ಊಟದ ಖರ್ಚಿಗೆ ಪಾಲು, ಅಂದರೆ Shares ಅನ್ನುವ ರೀತಿ ಆರಿಸಿ. ದೊಡ್ಡವರಿಗೆ ಎರಡೆರಡು ಪಾಲು, ಸುಮಾಳಿಗೆ ಮಗನದ್ದೂ ಸೇರಿಸಿ ಮೂರು. ಪುರಾತತ್ವ ಇಲಾಖೆಯ ಜಾಗಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ಹಾಗಾಗಿ ಟಿಕೆಟ್ಟನ್ನು ಊಟದ ಜತೆ ಸೇರಿಸದೆ ಬೇರೆ ಹಾಕಿ.

ಇನ್ನು ಇಳಕಲ್. ಅಲ್ಲಿ ನಿಲ್ಲಲ್ಲ ಅಂತ ಹೊರಡುವಾಗ ಎಲ್ಲರೂ ಹೇಳುತ್ತಾರೆ. ಶ್ರುತಿ ಸೀರೆ ಆರಿಸಿದಳು, 3200. ಅವಳ ಫೋನಲ್ಲಿ ಯುಪಿಐ ಸುತ್ತುತ್ತಲೇ ಇತ್ತು, ನಾನು ಕೊಟ್ಟೆ. ಇಂಥದ್ದನ್ನು ಆಮೇಲೆ ನೋಡೋಣ ಅಂತ ಬಿಡಬೇಡಿ. ಕೊಟ್ಟವನು ನಾನು, ಪಾಲು ಪೂರ್ತಿ ಶ್ರುತಿಯದು ಅಂತ ಅಂಗಡಿ ಮುಂದೆಯೇ ಹಾಕಿದೆ. ಅಮೀನಗಡದ ಕರದಂಟಿಗೂ ಹೀಗೇ ಮಾಡಿ. ಒಬ್ಬರು ಒಟ್ಟಿಗೆ ಹತ್ತು ಡಬ್ಬಿ ಕೊಂಡರೆ ಯಾರಿಗೆ ಎಷ್ಟು ಡಬ್ಬಿ ಅನ್ನೋದು ಊರು ಮುಟ್ಟುವಷ್ಟರಲ್ಲಿ ಮರೆತುಹೋಗಿರುತ್ತೆ.

ಸಣ್ಣ ಖರ್ಚಿನದು ಬೇರೆ ಕಥೆ. ಹಣ ಕೊಡದೆ ಬಳಸುವವರಿಗೆ ದಿನಕ್ಕೆ ಇಂತಿಷ್ಟೇ ಖರ್ಚು ಹಾಕಬಹುದು ಅಂತ ಈ ಆ್ಯಪಿನಲ್ಲಿ ಮಿತಿ ಇದೆ. ನನಗಂತೂ ಇದು ಕಿರಿಕಿರಿ. ಎಳನೀರು, ತೆಪ್ಪ, ಬ್ಯಾಟರಿ ಗಾಡಿ ಅಂತ ಒಂದೊಂದನ್ನೇ ಹಾಕುತ್ತಾ ಹೋದರೆ ಮಧ್ಯಾಹ್ನಕ್ಕೇ ಮುಗಿದುಹೋಗುತ್ತೆ. ಅದಕ್ಕೆ ಗಿರೀಶ ಹೊಸಪೇಟೆಯ ಎಟಿಎಂನಲ್ಲಿ ನಗದು ತೆಗೆದಿಟ್ಟುಕೊಂಡ. ಊಟ, ಟಿಕೆಟ್ಟು, ಚಿಲ್ಲರೆ ಎಲ್ಲ ಅವನದೇ ಕೈಯಿಂದ. ಫೋನಿನ ನೋಟ್ಸಿನಲ್ಲಿ ಗುರುತು ಹಾಕಿಕೊಂಡು ರಾತ್ರಿ ಮಲಗುವ ಮುಂಚೆ ಇಡೀ ದಿನದ್ದನ್ನು ಒಂದೇ ಖರ್ಚಾಗಿ ಸೇರಿಸಿದ. ಎಲ್ಲರೂ ಸೇರಿದ್ದ ಖರ್ಚಿಗೆ ಮಾತ್ರ ಇದು ಸರಿ. ಯಾರಾದರೂ ತೆಪ್ಪ ಹತ್ತದೆ ದಡದಲ್ಲೇ ಕೂತಿದ್ದರೆ ಅದನ್ನು ಬೇರೆ ಹಾಕಬೇಕು. ನೆಟ್‌ವರ್ಕ್ ಇಲ್ಲದ ಕಡೆಯೂ ಖರ್ಚು ಹಾಕಬಹುದು, ಸಿಗ್ನಲ್ ಸಿಕ್ಕಮೇಲೆ ಉಳಿದವರಿಗೆ ಕಾಣುತ್ತೆ. ಆದರೆ ಅಷ್ಟರಲ್ಲಿ ಇನ್ನೊಬ್ಬರು, ಇವನು ಹಾಕಿಲ್ಲ ಅಂದುಕೊಂಡು ತಾವೂ ಹಾಕಿಬಿಡುತ್ತಾರೆ. ನಮ್ಮ ಒಂದು ರಾತ್ರಿಯ ಊಟ ಹೀಗೇ ಎರಡು ಸಲ ಬಂತು. ಒಂದೇ ದಿನ ಒಂದೇ ಮೊತ್ತ ಎರಡು ಕಡೆ ಕಂಡರೆ ಕೇಳಿ, ಒಂದನ್ನು ಅಳಿಸಿ. ಖರ್ಚು ಯಾರು ಮಾಡಿದರೋ ಅವರೇ ಹಾಕಲಿ, ಅಷ್ಟಿದ್ದರೆ ಸಾಕು.

ಕೊನೆಗೆ ನಮ್ಮ ಲೆಕ್ಕ ಹೀಗೆ ನಿಂತಿತು. ಒಟ್ಟು ಖರ್ಚು ಸೀರೆ ಸೇರಿ 29,080. ನನಗೆ ಬರಬೇಕಾದ್ದು 6680, ಗಿರೀಶನಿಗೆ 1800. ಕೊಡಬೇಕಾದ್ದು ಶ್ರುತಿ 5520, ಮಂಜು 1540, ಪ್ರಸಾದ 1420. ಸೀರೆ ಪುಣ್ಯದಿಂದ ಶ್ರುತಿಯದೇ ದೊಡ್ಡದು.

ಇಲ್ಲಿ ಗುಂಪಿನ ಸೆಟ್ಟಿಂಗ್ಸಿನಲ್ಲಿ Simplify debts ಅಂತ ಒಂದಿದೆ, ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಯಾರು ಯಾರ ಖರ್ಚಲ್ಲಿ ಪಾಲು ತಗೊಂಡಿದ್ದಾರೋ ಆಯಾ ಇಬ್ಬರ ನಡುವೆಯೇ ಬಾಕಿ ತೋರಿಸುತ್ತೆ. ಐದು ಜನರಲ್ಲಿ ಹತ್ತು ಜೋಡಿ, ಹತ್ತು ಸಲ ದುಡ್ಡು ಕಳಿಸುವ ಕೆಲಸ. ಆನ್ ಮಾಡಿದ ಮೇಲೆ ನಾಲ್ಕಕ್ಕೆ ಇಳಿಯಿತು: ಶ್ರುತಿ ನನಗೆ 5520, ಪ್ರಸಾದ ನನಗೆ 1160 ಮತ್ತು ಗಿರೀಶನಿಗೆ 260, ಮಂಜು ಗಿರೀಶನಿಗೆ 1540. ಮಂಜು ತಕರಾರು ತೆಗೆದ. "ರೂಮಿನ ದುಡ್ಡು ಕೊಟ್ಟವನು ನೀನು, ನಾನು ಗಿರೀಶನಿಗೆ ಯಾಕೆ ಕೊಡಲಿ?" ಅಂತ. ಸರಿಯಾದ ಪ್ರಶ್ನೆಯೇ. ಆದರೆ ಅವನ ಕೈಯಿಂದ ಹೋಗೋದು ಹೇಗಿದ್ದರೂ 1540, ನನಗೆ ಬರೋದು ಹೇಗಿದ್ದರೂ 6680. ದುಡ್ಡು ಹೋಗುವ ದಾರಿ ಮಾತ್ರ ಬದಲು. ಪ್ರಸಾದ, ಶ್ರುತಿ ಒಂದೇ ಮನೆಯವರಾದ್ದರಿಂದ ಪ್ರಸಾದನೇ ಇಬ್ಬರದ್ದೂ ಸೇರಿಸಿ ನನಗೆ 6680, ಗಿರೀಶನಿಗೆ 260 ಕಳಿಸಿದ. ನಾಲ್ಕೂ ಹೋಗಿ ಮೂರಾಯಿತು.

ಮುಖ್ಯವಾದ್ದು ಒಂದಿದೆ. Settle up ಒತ್ತಿದರೆ ದುಡ್ಡು ಹೋಯ್ತು ಅಂದುಕೊಳ್ಳಬೇಡಿ. ಅದು ಬರೀ ಪುಸ್ತಕದಲ್ಲಿ ಬರೆದ ಹಾಗೆ. ಮಂಜು ಅದನ್ನು ಒತ್ತಿ ನಿಶ್ಚಿಂತೆಯಿಂದ ಮಲಗಿದ. ಆ್ಯಪಿನಲ್ಲಿ ಅವನ ಬಾಕಿ ಸೊನ್ನೆ, ಗಿರೀಶನ ಖಾತೆಗೆ ಬಂದದ್ದೂ ಸೊನ್ನೆ. ಮೊದಲು ಯುಪಿಐನಲ್ಲಿ ಕಳಿಸಿ, ಸಿಕ್ಕಿತು ಅಂತ ಆ ಕಡೆಯವರು ಹೇಳಿದ ಮೇಲೆ ಅದನ್ನು ಒತ್ತಿ.

ಮತ್ತೆ, ಮನೆ ಮುಟ್ಟಿದ ರಾತ್ರಿಯೇ ಲೆಕ್ಕ ಮುಗಿಸೋಕೆ ಹೋಗಬೇಡಿ. ಟೋಲು ಫಾಸ್ಟ್ಯಾಗಿನಿಂದ ತಾನಾಗಿ ಕಟ್ಟಾಗುತ್ತೆ, ಕಾರಿನವರು ಅದನ್ನು ಹಾಕೋಕೆ ಮರೆಯುತ್ತಾರೆ. ಕೆಲವು ಮೆಸೇಜು ತಡವಾಗಿ ಬರುತ್ತವೆ. ಮಂಜು ಮರುದಿನ ಬೆಳಿಗ್ಗೆ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೆದು, ಹೋಗುವಾಗಿನ 480 ನಾಲ್ವರಿಗೆ, ಬರುವಾಗಿನ 500 ಐವರಿಗೆ ಅಂತ ಹಾಕಿದ ಮೇಲೆಯೇ ನಾವು ಮುಗಿಸಿದ್ದು.

"ಹಂಪಿ ಬಾದಾಮಿ" ಅಂತ ಗುಂಪು ಮಾಡಿ ಲಿಂಕ್ ಇಲ್ಲೇ ಹಾಕುತ್ತೇನೆ. ಸೇರಿಕೊಂಡವರು ರೂಮಿನ ಲೆಕ್ಕವೋ ತಲೆ ಲೆಕ್ಕವೋ ಅಂತ ಕೆಳಗೆ ಬರೆಯಿರಿ.