ಹುಟ್ಟುಹಬ್ಬ ತಡವಾಗಿಲ್ಲ, ತಡ ಮಾಡಿದ್ದು ನಾವು

"ಮೇಡಂ, ಫ್ರೆಂಡ್ ಬರ್ತ್‌ಡೇ ಮರೆತೇ ಹೋಯ್ತು, ನಾಲ್ಕು ದಿನ ಆಯ್ತು. ಬೇಜಾರಾಗದ ಹಾಗೆ ಚೆನ್ನಾಗಿರೋ ಎರಡು ಲೈನ್ ಬರೆದುಕೊಡ್ತೀರಾ?"

ಬರೆದುಕೊಡುವುದಿಲ್ಲ. ಲಗ್ನಪತ್ರಿಕೆ ಬರೆದುಕೊಡುತ್ತೇನೆ. ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಪತ್ರಿಕೆ, ಅದನ್ನೂ ಬರೆಯುತ್ತೇನೆ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಅದೇ ನನ್ನ ಕೆಲಸ. ಆದರೆ ನಿಮ್ಮ ಸ್ನೇಹಿತೆ ಯಾರು, ಅವಳಿಗೆ ಏನು ಇಷ್ಟ, ಈ ವರ್ಷ ಅವಳಿಗೆ ಹೇಗೆ ಕಳೆಯಿತು, ಒಂದೂ ನನಗೆ ಗೊತ್ತಿಲ್ಲ. ನಾನು ಬರೆದ ಎರಡು ಸಾಲನ್ನು ಓದಿದ ಕೂಡಲೇ ಅವಳಿಗೆ ಗೊತ್ತಾಗುತ್ತದೆ, ಇದು ಬೇರೆ ಯಾರದೋ ಮಾತು ಅಂತ. ಮೊದಲು ಮರೆತಿರಿ, ಈಗ ಹೇಳುವ ಕೆಲಸವನ್ನೂ ಇನ್ನೊಬ್ಬರಿಗೆ ಕೊಟ್ಟಿರಿ. ಅದು ಮೊದಲಿನದಕ್ಕಿಂತ ಜಾಸ್ತಿ ನೋಯಿಸುತ್ತದೆ.

"ಬೇಜಾರಾಗದ ಹಾಗೆ" ಅನ್ನುವ ಮಾತೂ ನನಗೆ ಹಿಡಿಸುವುದಿಲ್ಲ. ಬೇಜಾರು ಆಗಿ ನಾಲ್ಕು ದಿನ ಆಗಿದೆ, ಅಲ್ವಾ? ಆವತ್ತು ಸಂಜೆಯ ತನಕ ಅವಳು ಫೋನ್ ನೋಡಿರುತ್ತಾಳೆ. ಆ ಸಂಜೆಯನ್ನು ಯಾವ ಸಾಲೂ ವಾಪಸ್ ತರುವುದಿಲ್ಲ. ಈಗ ಮಾಡಬಹುದಾದದ್ದು ಇಷ್ಟೇ: ತಪ್ಪನ್ನು ಒಂದು ವಾಕ್ಯದಲ್ಲಿ ಒಪ್ಪಿಕೊಂಡು, ಉಳಿದ ಜಾಗವನ್ನೆಲ್ಲ ಅವಳಿಗೆ ಬಿಟ್ಟುಕೊಡುವುದು.

ಆ ಒಂದು ವಾಕ್ಯದಲ್ಲೇ ಹೆಚ್ಚಿನವರು ಎಡವುತ್ತಾರೆ. ಅದಕ್ಕೆ ಕಾರಣ ನಮ್ಮ ಕ್ರಿಯಾಪದದಲ್ಲಿದೆ. ಕನ್ನಡದಲ್ಲಿ "ಮರೆತುಹೋಯಿತು" ಅನ್ನಬಹುದು, "ಮರೆತೆ" ಅಂತಲೂ ಅನ್ನಬಹುದು. "ಮರೆತುಹೋಯಿತು" ಅಂದಾಗ ಮರೆತವರು ಯಾರೂ ಇಲ್ಲ. ಮಳೆ ಬಂತು, ಕರೆಂಟು ಹೋಯಿತು ಅನ್ನುವ ಹಾಗೆ ಅದೂ ಒಂದು ಆಗಿಹೋಯಿತು. "ತಡ ಆಯ್ತು" ಕೂಡ ಹಾಗೆಯೇ. "ತಡ ಮಾಡಿದೆ" ಅಂದರೆ ಮಾತ್ರ ಅಲ್ಲಿ ನೀವು ಇದ್ದೀರಿ. ದಿನನಿತ್ಯದ ಮಾತಿನಲ್ಲಿ "ಮರೆತುಹೋಯ್ತು" ಅನ್ನುವುದರಲ್ಲಿ ತಪ್ಪೇನಿಲ್ಲ. ಹಾಲು ತರಲು ಮರೆತರೆ ಹಾಗೇ ಅನ್ನುತ್ತೇವೆ. ಆದರೆ ಒಬ್ಬರ ಹುಟ್ಟಿದ ದಿನ ಹಾಲಿನ ಪ್ಯಾಕೆಟ್ ಅಲ್ಲ. "ನಾನು ಮರೆತೆ" ಅಂತ ಬರೆಯಿರಿ. ಎರಡೇ ಪದ ಸಾಕು. ಅದನ್ನು ಬರೆದ ಮೇಲೆ ಉದ್ದದ ಕ್ಷಮೆ ಬೇಕಾಗುವುದಿಲ್ಲ.

ಅಂಗಡಿಯ ಕಾರ್ಡುಗಳಲ್ಲಿರುವ "ತಡವಾದ ಹುಟ್ಟುಹಬ್ಬದ ಶುಭಾಶಯಗಳು" ಅನ್ನುವುದನ್ನಂತೂ ದಯವಿಟ್ಟು ಬಿಡಿ. ಇಂಗ್ಲಿಷಿನಿಂದ ಹಾಗೇ ಎತ್ತಿ ತಂದದ್ದು ಅದು. ಓದಿ ನೋಡಿ, ಹುಟ್ಟುಹಬ್ಬವೇ ತಡವಾದ ಹಾಗೆ ಕೇಳುತ್ತದೆ. ಹುಟ್ಟುಹಬ್ಬ ತನ್ನ ದಿನಕ್ಕೆ ಸರಿಯಾಗಿ ಬಂದು ಹೋಗಿದೆ.

ಇದೆಲ್ಲ ನನಗೆ ಪ್ರೆಸ್ಸಿನಲ್ಲಿ ಕೂತು ಗೊತ್ತಾದದ್ದಲ್ಲ. ನನ್ನ ದೊಡ್ಡಮ್ಮನಿಂದ ಗೊತ್ತಾದದ್ದು.

ದೊಡ್ಡಮ್ಮ ಮಲೆನಾಡಿನವಳು, ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯಲ್ಲಿದ್ದಾಳೆ. ಅವಳ ಆಧಾರ್ ಕಾರ್ಡಿನಲ್ಲಿ ಜೂನ್ 1 ಅಂತ ಇದೆ. ಆ ಕಾಲದ ಎಷ್ಟೋ ಜನರ ಹಾಗೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು ಅದು. ಪ್ರತಿ ವರ್ಷ ಆವತ್ತು ಬ್ಯಾಂಕಿನಿಂದ ಅವಳ ಫೋನಿಗೆ ಶುಭಾಶಯದ ಮೆಸೇಜು ಬರುತ್ತದೆ. ನಿಜವಾಗಿ ಅವಳು ಹುಟ್ಟಿದ್ದು ದೀಪಾವಳಿಯ ನೀರು ತುಂಬುವ ದಿನ, ಅಂದರೆ ನರಕ ಚತುರ್ದಶಿಯ ಹಿಂದಿನ ದಿನ. ಇದನ್ನು ಅವಳು ನನಗೆ ಹೇಳಿದ್ದೇ ಎರಡು ವರ್ಷದ ಹಿಂದೆ. ಆ ದಿನ ಮನೆಯಲ್ಲಿ ಎಲ್ಲರಿಗೂ ಕೆಲಸ. ಬಚ್ಚಲು ತೊಳೆಯಬೇಕು, ಹಂಡೆ ತಿಕ್ಕಬೇಕು, ಅದಕ್ಕೆ ಸುಣ್ಣದ ಗೆರೆ ಎಳೆದು ಹೂ ಸುತ್ತಿ ನೀರು ತುಂಬಬೇಕು. ಅದರ ನಡುವೆ ಅವಳಿಗೆ ಯಾರೂ ಏನೂ ಹೇಳಿದ್ದಿಲ್ಲ.

2024ರಲ್ಲಿ ನಾನು ಆವತ್ತೇ ಫೋನ್ ಮಾಡಿ ಹಾರೈಸಿದೆ. ಅಕ್ಟೋಬರ್ 30. ಸ್ವಲ್ಪ ಹೊತ್ತು ಅವಳು ಮಾತೇ ಆಡಲಿಲ್ಲ. ಇನ್ನು ಯಾವತ್ತೂ ತಪ್ಪಬಾರದು ಅಂತ ಅಲ್ಲೇ ಫೋನಿನಲ್ಲಿ ರಿಮೈಂಡರ್ ಇಟ್ಟುಕೊಂಡೆ, ಪ್ರತಿ ವರ್ಷ ಅಕ್ಟೋಬರ್ 30ಕ್ಕೆ. ಅಲ್ಲಿಯೇ ತಪ್ಪು ಮಾಡಿದೆ. ನೀರು ತುಂಬುವ ದಿನ ಚಂದ್ರನ ಲೆಕ್ಕದ್ದು. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ, ನಮ್ಮ ಕ್ಯಾಲೆಂಡರಿನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. 2025ರಲ್ಲಿ ಆ ದಿನ ಅಕ್ಟೋಬರ್ 19ಕ್ಕೇ ಬಂತು. ಭಾನುವಾರ. ಆ ಸಂಜೆ ನಾನು ದೊಡ್ಡಮ್ಮನ ಹತ್ತಿರ ಇಪ್ಪತ್ತು ನಿಮಿಷ ಮಾತಾಡಿದ್ದೆ. ಹಂಡೆಗೆ ಗೆರೆ ಎಳೆದೆಯಾ ಅಂತ ಕೇಳಿದ್ದೆ ಕೂಡ. ಹುಟ್ಟಿದ ದಿನದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳೂ ನೆನಪಿಸಲಿಲ್ಲ.

ಹನ್ನೊಂದು ದಿನ ಬಿಟ್ಟು ರಿಮೈಂಡರ್ ಹೊಡೆದುಕೊಂಡಿತು. ಎದೆ ಧಸಕ್ ಅಂತು. ತಕ್ಷಣ ಫೋನ್ ಮಾಡಿದೆ. ಫೋನಿನ ತಾರೀಕು ಹೇಳಿದೆ, ಪಂಚಾಂಗದ ತಿಥಿ ಹೇಳಿದೆ, ಪ್ರೆಸ್ಸಿನಲ್ಲಿ ಮದುವೆ ಸೀಸನ್ನಿನ ಕೆಲಸ ಶುರುವಾಗಿದ್ದು ಹೇಳಿದೆ. ಕೊನೆಗೆ "ಬೇಜಾರ್ ಮಾಡ್ಕೋಬೇಡ ದೊಡ್ಡಮ್ಮ" ಅಂದೆ. "ಅಯ್ಯೋ, ಅದಕ್ಕೇನು ಮಗಾ. ನೀನು ಬೇಜಾರ್ ಮಾಡ್ಕೋಬೇಡ. ಊಟ ಆಯ್ತಾ?" ಅಂದಳು. ಫೋನ್ ಇಟ್ಟಾಗ ನನ್ನ ಮನಸ್ಸು ಹಗುರಾಗಿತ್ತು. ಆ ಹಗುರ ಕೆಟ್ಟ ಗುರುತು ಅಂತ ರಾತ್ರಿ ಗೊತ್ತಾಯಿತು. ಅವಳ ಹುಟ್ಟಿದ ದಿನಕ್ಕೆ ಅಂತ ಮಾಡಿದ ಫೋನಿನಲ್ಲಿ ಅವಳು ನನ್ನನ್ನು ಸಮಾಧಾನ ಮಾಡಿದ್ದಳು. ಅವಳಿಗೆ ಒಳ್ಳೆಯದಾಗಲಿ ಅಂತ ಒಂದು ಮಾತನ್ನೂ ನಾನು ಹೇಳಿರಲಿಲ್ಲ.

"ಬೇಜಾರ್ ಮಾಡ್ಕೋಬೇಡ" ಅನ್ನುವುದು ಮೃದುವಾಗಿ ಕೇಳುತ್ತದೆ. ಆದರೆ ಅದು ಅವರಿಗೆ ಒಂದು ಕೆಲಸ ಹಚ್ಚುತ್ತದೆ. ಈಗ ಅವರು ಬೇಜಾರು ಮಾಡಿಕೊಳ್ಳಬಾರದು, ಜೊತೆಗೆ ಮಾಡಿಕೊಂಡಿಲ್ಲ ಅಂತ ನಿಮಗೆ ಹೇಳಲೂ ಬೇಕು. ಕಾರಣ ಹೇಳುವುದೂ ಹಾಗೆಯೇ. ನನ್ನ ಕಾರಣ ಸುಳ್ಳಲ್ಲ, ತಿಥಿ ನಿಜವಾಗಿಯೂ ಸರಿದಿತ್ತು. ಆದರೂ ಆ ಮಾತಿನಿಂದ ಅವಳಿಗೆ ಏನೂ ಸಿಗಲಿಲ್ಲ.

ಮಾರನೇ ದಿನ ಪೋಸ್ಟ್ ಕಾರ್ಡಿನಲ್ಲಿ ಬರೆದೆ. ಅವಳ ಕಣ್ಣಿಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ. ಇನ್ನೂ ತಡ ಆಗುತ್ತದೆ ಅಂತ ಗೊತ್ತಿತ್ತು. ಹನ್ನೊಂದು ದಿನ ಆದಮೇಲೆ ಇನ್ನು ನಾಲ್ಕು ದಿನ ಜಾಸ್ತಿ ಆದರೆ ಏನೂ ಕೆಡುವುದಿಲ್ಲ. ಬರೆದದ್ದು ಹೀಗೆ:

"ದೊಡ್ಡಮ್ಮ, ನೀರು ತುಂಬೋ ದಿನ ನೀನು ಹುಟ್ಟಿದ ದಿನ. ಆವತ್ತು ಅಷ್ಟು ಹೊತ್ತು ಮಾತಾಡಿಯೂ ನಾನು ಮರೆತೆ. ಚಿಕ್ಕವಳಿದ್ದಾಗ ನೀನು ನನ್ನ ಕೈ ಹಿಡಿದು ಹಂಡೆಗೆ ಸುಣ್ಣದ ಗೆರೆ ಎಳೆಸುತ್ತಿದ್ದೆ. ಗೆರೆ ಎಲ್ಲೂ ನಿಲ್ಲಬಾರದು, ಶುರುವಾದಲ್ಲೇ ಬಂದು ಸೇರಬೇಕು ಅನ್ನುತ್ತಿದ್ದೆ. ಈಗ ನಾನು ಕಾರ್ಡುಗಳಿಗೆ ಅಂಚು ಎಳೆಯುವಾಗ ಕೈ ಹಾಗೇ ಹೋಗುತ್ತದೆ. ಈ ವರ್ಷ ನಿನ್ನ ಮಂಡಿ ನೋವು ಇಳಿಯಲಿ. ತೋಟದ ಕೆಳಗಿನ ಕೆರೆಯ ತನಕ ನೀನು ಮೊದಲಿನ ಹಾಗೆ ನಡೆದು ಹೋಗುವಂತಾಗಲಿ. ಡಿಸೆಂಬರ್ 14, ಭಾನುವಾರ, ಬೆಳಗಿನ ಬಸ್ಸಿಗೆ ಬರುತ್ತೇನೆ."

ಇದರಲ್ಲಿ ತಪ್ಪಿನ ಬಗ್ಗೆ ಇರುವುದು ಒಂದೇ ವಾಕ್ಯ. ಅದನ್ನು ಎರಡನೆಯ ಸಾಲಿನಲ್ಲಿಟ್ಟೆ. ಮೊದಲ ಸಾಲು ಅವಳ ದಿನದ್ದು. ತಪ್ಪನ್ನು ಕೊನೆಯಲ್ಲಿಟ್ಟರೆ ಓದಿ ಮುಗಿಸಿದಾಗ ಅದೇ ಬಾಯಲ್ಲಿ ಉಳಿಯುತ್ತದೆ. ಹೇಳದೆ ಬಿಟ್ಟರೆ ಓದುವವರು ಉದ್ದಕ್ಕೂ ಅದಕ್ಕೇ ಕಾಯುತ್ತಿರುತ್ತಾರೆ. ಆಮೇಲೆ ಬರುವ ನೆನಪು ಇನ್ನೊಬ್ಬರಿಗೆ ಕಳಿಸಲು ಆಗದಂಥದ್ದಾಗಿರಬೇಕು. ನೀವು ಬರೆದದ್ದನ್ನು ಹೆಸರು ಬದಲಾಯಿಸಿ ಆಫೀಸಿನ ಇನ್ನೊಬ್ಬರಿಗೆ ಕಳಿಸಬಹುದು ಅನ್ನಿಸಿದರೆ ಅದನ್ನು ಅಳಿಸಿ. ಹಾರೈಕೆಯೂ ಹಾಗೆಯೇ. "ಆಯುರಾರೋಗ್ಯ ಐಶ್ವರ್ಯ" ಅಂತ ನಾನು ಪತ್ರಿಕೆಗಳಲ್ಲಿ ದಿನಾ ಅಚ್ಚು ಹಾಕುತ್ತೇನೆ. ದೊಡ್ಡಮ್ಮನಿಗೆ ಬೇಕಾದದ್ದು ಕೆರೆಯ ತನಕ ನಡೆಯುವುದು. ಬರುತ್ತೇನೆ ಅನ್ನುವುದಾದರೆ ತಾರೀಕು ಹಾಕಿ. ತಾರೀಕು ಹಾಕಲು ಆಗದಿದ್ದರೆ ಆ ಮಾತು ಬೇಡ. "ಒಂದಿನ ಸಿಗೋಣ" ಅಂತ ಬರೆದರೆ ಅವರು ಕಾಯಬೇಕಾದದ್ದು ಇನ್ನೊಂದು ಸೇರಿತು.

ಫ್ಯಾಮಿಲಿ ಗ್ರೂಪಿನಲ್ಲಿ ತಡವಾಗಿ ಹಾರೈಸಬೇಡಿ. ಒಬ್ಬರು ಹಾಕಿದ ಕೂಡಲೇ "ಅಯ್ಯೋ ನಾನೂ ಮರೆತಿದ್ದೆ" ಅಂತ ಆರು ಜನ ಬರುತ್ತಾರೆ. ಎಷ್ಟು ಜನ ಮರೆತಿದ್ದರು ಅನ್ನುವ ಪಟ್ಟಿಯನ್ನು ಅವರ ಮುಂದೆ ಇಟ್ಟ ಹಾಗಾಗುತ್ತದೆ. ಇನ್ನು, ಗಂಡ ತೀರಿಕೊಂಡ ಮೇಲೆ ಬಂದ ಮೊದಲ ಹುಟ್ಟುಹಬ್ಬದಂಥದ್ದನ್ನು ಮರೆತಿದ್ದರೆ ಬರೆಯುತ್ತಾ ಕೂರಬೇಡಿ. ಹೋಗಿ ಬನ್ನಿ.

ನನಗೆ ಯಾರಾದರೂ ಬೇರೆ ಒಂದು ಪ್ರಶ್ನೆ ಕೇಳಿದ್ದರೆ ಚೆನ್ನಾಗಿತ್ತು. "ನಮ್ಮಜ್ಜಿ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ, ಹೇಗೆ ಕಂಡುಹಿಡಿಯೋದು?" ಅಂತ. ಅದಕ್ಕಾದರೆ ಎಷ್ಟು ಹೊತ್ತು ಬೇಕಾದರೂ ಕೂತು ಉತ್ತರ ಕೊಡುತ್ತೇನೆ. ತಾರೀಕು ಕೇಳಬೇಡಿ, ಯಾವ ಹಬ್ಬದ ಹತ್ತಿರ, ಯಾವ ಮಳೆಯಲ್ಲಿ ಅಂತ ಕೇಳಿ. "ಆರಿದ್ರಾ ಮಳೆ ಹಿಡಿದಾಗ" ಅಂದರೆ ನಿಮ್ಮ ಕೆಲಸ ಸುಲಭ. ಮಳೆ ನಕ್ಷತ್ರ ಸೂರ್ಯನ ಲೆಕ್ಕದ್ದು, ಆರಿದ್ರಾ ಪ್ರತಿ ವರ್ಷ ಜೂನ್ 22ರ ಆಸುಪಾಸಿನಲ್ಲೇ ಶುರುವಾಗಿ ಎರಡು ವಾರ ಇರುತ್ತದೆ. ಆ ಎರಡು ವಾರದಲ್ಲಿ ಒಂದು ದಿನವನ್ನು ಅವರೇ ಆರಿಸಿಕೊಳ್ಳಲಿ. ಹಬ್ಬದ ಹೆಸರು ಹೇಳಿದರೆ ಮಾತ್ರ ಫೋನನ್ನು ನಂಬಬೇಡಿ. ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಆ ತಿಥಿ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ನೀರು ತುಂಬುವ ದಿನ ನವೆಂಬರ್ ಮೊದಲ ವಾರಕ್ಕೆ ಹೋಗಿದೆ. ನನ್ನ ಕ್ಯಾಲೆಂಡರಿನಲ್ಲಿ ಆಗಲೇ ಕೆಂಪು ಇಂಕಿನಲ್ಲಿ ಬರೆದಿದ್ದೇನೆ.

ಕಾರ್ಡು ತಲುಪಿದ ದಿನ ದೊಡ್ಡಮ್ಮನೇ ಫೋನ್ ಮಾಡಿದಳು. ಪರವಾಗಿಲ್ಲ ಅನ್ನಲಿಲ್ಲ. ಬೇಜಾರ್ ಮಾಡ್ಕೋಬೇಡ ಅಂತಲೂ ಅನ್ನಲಿಲ್ಲ. "ಈ ಸಲ ಗೆರೆ ಸೊಟ್ಟ ಬಂದಿತ್ತು ಕಣೇ" ಅಂದಳು. "ಕೈ ನಡುಗುತ್ತೆ. ಬರುವ ವರ್ಷ ನೀನೇ ಬಂದು ಎಳಿ."