‘ನಿಮ್ಮನ್ನು ನಂಬಿ ತಾರೀಖು ಕೊಡೋಕಾಗಲ್ಲ’

ವಾರ್ಷಿಕ ರಿವ್ಯೂನಲ್ಲಿ ನಮ್ಮ ಟೀಮಿನ ಡೆವಲಪರ್ ಒಬ್ಬರಿಗೆ ಮ್ಯಾನೇಜರ್ ಹೇಳಿದ ಮಾತು ಇದು: “ನಿಮ್ಮನ್ನು ನಂಬಿ ನಾನು ಯಾರಿಗೂ ಒಂದು ತಾರೀಖು ಕೊಡೋಕಾಗಲ್ಲ. ಓನರ್‌ಶಿಪ್ ಅನ್ನೋದೇ ಇಲ್ಲ ನಿಮ್ಮಲ್ಲಿ.” ಫಾರ್ಮಿನಲ್ಲಿ ಇದರ ಜೊತೆಗೆ ಇನ್ನೂ ಎರಡು ಸಾಲುಗಳಿದ್ದವು: ಮೀಟಿಂಗ್‌ಗಳಲ್ಲಿ ಬಾಯಿ ಬಿಡುವುದಿಲ್ಲ, ಕೋಡ್ ರಿವ್ಯೂನಲ್ಲಿ ವಾದಕ್ಕೆ ನಿಲ್ಲುತ್ತಾರೆ.

ಇಂಥ ಮಾತು ಬಿದ್ದ ಗಳಿಗೆಯಲ್ಲಿ ಉತ್ತರ ಕೊಡಲು ಹೋಗದಿರುವುದೇ ಒಳ್ಳೆಯದು. ಆಕೆ ಮಾಡಿದ್ದೂ ಅದನ್ನೇ. ಮಾತನ್ನು ಕೇಳಿದ ಹಾಗೆಯೇ ಬರೆದುಕೊಂಡು, “ಇದರ ಬಗ್ಗೆ ಇನ್ನೊಂದು ಅರ್ಧ ಗಂಟೆ ಬೇಕು, ಈ ವಾರದೊಳಗೆ ಸಿಗ್ತೀರಾ ಸರ್?” ಎಂದು ಕೇಳಿ ಎದ್ದರು. ಹೇಳಿದ ಹಾಗೆಯೇ ಬರೆದುಕೊಳ್ಳಬೇಕು ಎನ್ನುವುದಕ್ಕೆ ಕಾರಣವಿದೆ. ಒಂದು ರಾತ್ರಿ ಕಳೆಯುವಷ್ಟರಲ್ಲಿ ‘ತಾರೀಖು ಕೊಡೋಕಾಗಲ್ಲ’ ಎಂಬ ಮಾತು ತಲೆಯೊಳಗೆ ‘ನೀವು ಲಾಯಕ್ಕಿಲ್ಲ’ ಎಂದಾಗಿಬಿಡುತ್ತದೆ. ಮೊದಲನೆಯದರ ಬಗ್ಗೆ ಏನಾದರೂ ಮಾಡಬಹುದು, ಎರಡನೆಯದರ ಬಗ್ಗೆ ಏನು ಮಾಡುವುದು? 1996ರಲ್ಲಿ ಅವ್ರಹಾಂ ಕ್ಲೂಗರ್ ಮತ್ತು ಆ್ಯಂಜೆಲೊ ಡಿನೀಸಿ ಫೀಡ್‌ಬ್ಯಾಕ್ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತು ನಿಜ, ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಫೀಡ್‌ಬ್ಯಾಕ್ ಆದಮೇಲೆ ಕೆಲಸ ಇನ್ನಷ್ಟು ಕೆಟ್ಟಿತ್ತು. ಗಮನ ಕೆಲಸದಿಂದ ಜಾರಿ ‘ನಾನು ಎಂಥವನು’ ಎಂಬ ಕಡೆಗೆ ಹೋದಷ್ಟೂ ಪ್ರಯೋಜನ ಕಡಿಮೆಯಾಗುತ್ತದೆ ಎನ್ನುವುದು ಅವರ ವಿವರಣೆ. ಹಾಗಾಗಿ ಮೊದಲ ಎರಡು ದಿನದ ಕೆಲಸವೆಂದರೆ ಆ ಮಾತನ್ನು ಮತ್ತೆ ಕೆಲಸದ ಮೇಲೆ ತಂದು ಕೂರಿಸುವುದು, ಅಷ್ಟೇ.

ಅದಕ್ಕೂ ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಬೇಕು. ಇದು ಬರೀ ಖಾರದ ರಿವ್ಯೂವೋ, ಇಲ್ಲ ಎಚ್‌ಆರ್ ಮೂಲಕ ಬರುವ ಔಪಚಾರಿಕ ‘ಪಿಪ್’, ಅಂದರೆ ಗಡುವು ಹಾಕಿ ಕೊಡುವ ಕೆಲಸ ಸುಧಾರಣೆಯ ಯೋಜನೆ, ಶುರುವಾಗಿದೆಯೋ? ಪಿಪ್ ಆದರೆ ಸಾಮಾನ್ಯವಾಗಿ 30ರಿಂದ 90 ದಿನದ ಗಡುವು, ಮುಟ್ಟಬೇಕಾದ ಗುರಿ, ಮುಟ್ಟದಿದ್ದರೆ ಏನಾಗುತ್ತದೆ ಎಂಬುದೆಲ್ಲ ಕಾಗದದ ಮೇಲಿರುತ್ತದೆ. ಆಗ ಸುಧಾರಿಸಿಕೊಳ್ಳಲು ನಾವೇ ಹಾಕಿಕೊಳ್ಳುವ ಯೋಜನೆಗಿಂತ ಆ ಕಾಗದದ ಶಬ್ದಗಳೇ ಮುಖ್ಯ. ಸಹಿ ಕೇಳಿದರೆ, ಅದು ಕಾಗದ ತಲುಪಿದ್ದಕ್ಕೋ ಒಪ್ಪಿದ್ದಕ್ಕೋ ಎಂದು ವಿಚಾರಿಸಿ, ‘ಓದಿದ್ದೇನೆ’ ಎಂದಷ್ಟೇ ಬರೆದು ಸಹಿ ಹಾಕಲು ಅವಕಾಶವಿದೆಯೇ ಎಂದು ಕೇಳಬೇಕು. ಇಲ್ಲಿ ಹೇಳುತ್ತಿರುವ ಪ್ರಕರಣ ಅಲ್ಲಿಯವರೆಗೆ ಹೋಗಿರಲಿಲ್ಲ.

ಎರಡನೇ ಮಾತುಕತೆಯಲ್ಲಿ ಕೇಳುವ ರೀತಿಯೇ ಅರ್ಧ ಕೆಲಸ. ‘ಯಾಕೆ ಹಾಗೆ ಅಂದ್ರಿ?’ ಎಂದರೆ ಎದುರಿನವರಿಗೆ ಜಗಳಕ್ಕೆ ಬಂದಂತೆ ಕೇಳಿಸಿ, ಅವರು ಹೇಳಿದ್ದನ್ನೇ ಇನ್ನೊಂದು ಸಲ ಗಟ್ಟಿಯಾಗಿ ಹೇಳುತ್ತಾರೆ. ಆಕೆ ಎರಡೇ ಪ್ರಶ್ನೆ ಇಟ್ಟುಕೊಂಡಿದ್ದರು: “ನಿಮಗೆ ಹಾಗೆ ಅನ್ನಿಸಿದ ಎರಡು ಮೂರು ಸಂದರ್ಭ ಹೇಳ್ತೀರಾ? ಆ ಸಂದರ್ಭದಲ್ಲಿ ನಾನು ಏನು ಮಾಡಿದ್ದಿದ್ದರೆ ನಿಮಗೆ ಸರಿ ಅನ್ನಿಸ್ತಿತ್ತು?” ನನ್ನ ಲೆಕ್ಕದಲ್ಲಿ ಹೆಚ್ಚು ಬೆಲೆಯುಳ್ಳದ್ದು ಎರಡನೆಯದು. ಅದಕ್ಕೆ ಉತ್ತರಿಸಬೇಕಾದರೆ ಮ್ಯಾನೇಜರ್ ‘ಓನರ್‌ಶಿಪ್’ ಎಂಬ ದೊಡ್ಡ ಶಬ್ದವನ್ನು ಕೆಳಗಿಟ್ಟು, ಕಣ್ಣಿಗೆ ಕಾಣುವ ಒಂದು ಕೆಲಸವನ್ನು ಹೇಳಲೇಬೇಕಾಗುತ್ತದೆ.

ಅವರು ಹೇಳಿದ ಮೊದಲ ಸಂದರ್ಭ ರಿಫಂಡ್ ಸ್ಕ್ರೀನಿನದು. ಶುಕ್ರವಾರಕ್ಕೆ ಮುಗಿಸುವ ಮಾತಾಗಿತ್ತು. ಆಗುವುದಿಲ್ಲ ಎಂಬ ಸುದ್ದಿ ಬಂದದ್ದು ಅದೇ ಶುಕ್ರವಾರ ಸಂಜೆ ನಾಲ್ಕೂವರೆಗೆ. “ಗುರುವಾರ ಬೆಳಿಗ್ಗೆ ತಾನೇ ಕ್ಲೈಂಟ್ ಜೊತೆಗಿನ ಮೀಟಿಂಗಲ್ಲಿ ನಾಳೆ ಕೊಡ್ತೀವಿ ಅಂತ ನಾನು ಹೇಳಿ ಬಂದಿದ್ದೆ,” ಎಂದರು ಮ್ಯಾನೇಜರ್. ರಿವ್ಯೂನಲ್ಲಿ ಅಷ್ಟು ಬಿರುಸು ಯಾಕಿತ್ತು ಎನ್ನುವುದು ಇಲ್ಲಿ ತಿಳಿಯಿತು. ಕೋಪ ಇದ್ದದ್ದು ತಡದ ಮೇಲಲ್ಲ, ಕ್ಲೈಂಟ್ ಮುಂದೆ ತಮ್ಮ ಮಾತು ಬಿದ್ದುಹೋದದ್ದರ ಮೇಲೆ.

ಮ್ಯಾನೇಜರ್ ನೆನಪು ಮೂರು ಘಟನೆಯದ್ದು. ಅಷ್ಟರ ಮೇಲೇ ಯೋಜನೆ ಕಟ್ಟುವುದು ಸರಿಯಲ್ಲ. ಇತ್ತೀಚಿನದು, ಕೆಟ್ಟದ್ದು ಹೆಚ್ಚು ನೆನಪಿರುತ್ತದೆ. ಆದ್ದರಿಂದ ಆಕೆ ಹಿಂದಿನ ಆರು ತಿಂಗಳ ತಮ್ಮ ಎಲ್ಲ ಟಿಕೆಟ್‌ಗಳನ್ನು, ಅಂದರೆ ಒಂದೊಂದು ಕೆಲಸಕ್ಕೂ ಇರುವ ಆನ್‌ಲೈನ್ ದಾಖಲೆಗಳನ್ನು, ತೆಗೆದು ಒಂದು ಶೀಟ್ ಮಾಡಿದರು. ಒಟ್ಟು 14 ಕೆಲಸಗಳು. ಪ್ರತಿಯೊಂದಕ್ಕೂ ನಾಲ್ಕು ಕಾಲಂ: ಒಪ್ಪಿಕೊಂಡ ತಾರೀಖು, ಮುಗಿದ ತಾರೀಖು, ತಡವಾಗುತ್ತದೆ ಎಂದು ತಮಗೆ ಗೊತ್ತಾದ ತಾರೀಖು, ಅದನ್ನು ಇನ್ನೊಬ್ಬರಿಗೆ ಹೇಳಿದ ತಾರೀಖು. ಮೊದಲೆರಡು ಟಿಕೆಟಿನಲ್ಲೇ ಸಿಗುತ್ತವೆ. ಮೂರನೆಯದನ್ನು ನೆನಪಿನಿಂದ ತುಂಬಿದರೆ ನಮಗೆ ಅನುಕೂಲವಾದ ತಾರೀಖೇ ಬಂದು ಕೂರುತ್ತದೆ, ಅದನ್ನು ಚಾಟ್‌ನಿಂದ ಹೆಕ್ಕಬೇಕು. ರಿಫಂಡ್ ಸ್ಕ್ರೀನಿನ ವಿಷಯದಲ್ಲಿ ಸೋಮವಾರ ಆಕೆ ಪೇಮೆಂಟ್ ಟೀಮಿಗೆ, ಅವರ ಸಿಸ್ಟಮಿಗೆ ನಮ್ಮ ಸ್ಕ್ರೀನನ್ನು ಜೋಡಿಸುವ ಎಪಿಐ ಯಾವಾಗ ಸಿಗುತ್ತದೆ ಎಂದು ಕೇಳಿದ್ದರು. ಮಂಗಳವಾರ ‘ಮುಂದಿನ ವಾರ’ ಎಂಬ ಉತ್ತರ ಬಂದಿತ್ತು. ಅಂದರೆ ವಿಷಯ ಗೊತ್ತಾದದ್ದು ಮಂಗಳವಾರ, ಹೇಳಿದ್ದು ಶುಕ್ರವಾರ. ನಡುವೆ ಮೂರು ಕೆಲಸದ ದಿನ ಹೋಗಿತ್ತು.

ಶೀಟ್ ತುಂಬಿದ ಮೇಲೆ ಕಂಡದ್ದು ಇಷ್ಟು: 14ರಲ್ಲಿ 5 ಕೆಲಸ ತಡವಾಗಿತ್ತು. ಟೀಮಿನ ಉಳಿದವರದ್ದೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಆ ಐದರಲ್ಲಿ ನಾಲ್ಕರಲ್ಲಿ, ಗೊತ್ತಾದದ್ದಕ್ಕೂ ಹೇಳಿದ್ದಕ್ಕೂ ನಡುವೆ ಮೂರರಿಂದ ಆರು ದಿನ ಕಳೆದಿತ್ತು. ಕೆಟ್ಟ ಸುದ್ದಿ ತಲುಪಿಸಲು ಮನುಷ್ಯರು ಹಿಂಜರಿಯುವುದನ್ನು ಸಿಡ್ನಿ ರೋಸೆನ್ ಮತ್ತು ಅಬ್ರಹಾಂ ಟೆಸ್ಸರ್ 1970ರಲ್ಲೇ ದಾಖಲಿಸಿದ್ದಾರೆ, ಇದೇನೂ ಒಬ್ಬರ ವಿಚಿತ್ರ ಗುಣವಲ್ಲ. ಯೋಜನೆಗೆ ಬೇಕಾದದ್ದು ಸಿಕ್ಕಿತು: ಸರಿಮಾಡಬೇಕಾದ್ದು ವೇಗವನ್ನಲ್ಲ, ಸುದ್ದಿ ಹೇಳುವ ಹೊತ್ತನ್ನು.

ಅಷ್ಟಿದ್ದರೂ ಆಕೆ ಬರೆದ ಮೊದಲ ಕರಡು ಎಲ್ಲರೂ ಬರೆಯುವಂಥದ್ದೇ ಆಗಿತ್ತು. ಕಮ್ಯುನಿಕೇಶನ್ ಕೋರ್ಸ್ ಸೇರುವುದು, ದಿನಾ ಸ್ಟೇಟಸ್ ಕಳಿಸುವುದು, ಎಲ್ಲ ಕೆಲಸವನ್ನೂ ಹೇಳಿದ ದಿನಕ್ಕೇ ಮುಗಿಸುವುದು, ಮೀಟಿಂಗಿನಲ್ಲಿ ಮಾತಾಡುವುದು, ಹೆಚ್ಚು ಓನರ್‌ಶಿಪ್ ತೆಗೆದುಕೊಳ್ಳುವುದು. ಕೋರ್ಸಿನ ಸರ್ಟಿಫಿಕೇಟ್ ಬಂದರೂ ಶುಕ್ರವಾರ ಸಂಜೆಯ ಸುದ್ದಿ ಮಂಗಳವಾರಕ್ಕೆ ಬರುವುದಿಲ್ಲ. ದಿನಾ ಕಳಿಸುವ ಸ್ಟೇಟಸ್ ಅನ್ನು ಎರಡು ವಾರವಾದ ಮೇಲೆ ಯಾರೂ ಓದುವುದಿಲ್ಲ, ಓದಬೇಕಾದ ಸಾಲು ಅದರೊಳಗೇ ಹೂತುಹೋಗುತ್ತದೆ. ಎಲ್ಲವನ್ನೂ ಹೇಳಿದ ದಿನಕ್ಕೇ ಮುಗಿಸುವ ಗುರಿ ಇನ್ನೂ ಅಪಾಯದ್ದು. ಅದನ್ನು ಮುಟ್ಟುವ ಸುಲಭದ ದಾರಿಯೆಂದರೆ ಐದು ದಿನದ ಕೆಲಸಕ್ಕೆ ಹತ್ತು ದಿನ ಕೇಳುವುದು. ಮೇಲಾಗಿ ಪೇಮೆಂಟ್ ಟೀಮು ಯಾವಾಗ ಎಪಿಐ ಕೊಡುತ್ತದೆ ಎನ್ನುವುದು ಆಕೆಯ ಕೈಯಲ್ಲಿಲ್ಲ. ಅಳತೆಗೆ ಇಡುವ ವಿಷಯ ಪೂರ್ತಿ ನಮ್ಮ ಕೈಯಲ್ಲೇ ಇರಬೇಕು.

ಹಾಗಾಗಿ ಐದನ್ನೂ ಹೊಡೆದುಹಾಕಿ ಒಂದೇ ಅಳತೆ ಉಳಿಸಿಕೊಂಡರು: ತಡವಾಗುತ್ತದೆ ಎಂದು ಗೊತ್ತಾದದ್ದಕ್ಕೂ ಹೇಳಿದ್ದಕ್ಕೂ ನಡುವೆ ಒಂದು ಕೆಲಸದ ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಇದನ್ನು ಪಾಲಿಸಲು ಎರಡು ಕಟ್ಟಳೆ. ಮೂರು ದಿನ ಅಥವಾ ಅದಕ್ಕಿಂತ ಹೆಚ್ಚು ಹಿಡಿಯುವ ಕೆಲಸದಲ್ಲಿ ಅರ್ಧ ಅವಧಿ ಮುಗಿದ ದಿನ ಕ್ಯಾಲೆಂಡರಿನಲ್ಲಿ ಹದಿನೈದು ನಿಮಿಷ ಮೊದಲೇ ಗುರುತು ಹಾಕಿಟ್ಟು, ಉಳಿದ ಕೆಲಸ ಉಳಿದ ದಿನಗಳಲ್ಲಿ ಹಿಡಿಸುತ್ತದೆಯೇ ಎಂದು ನೋಡುವುದು. ಬೇರೆ ಟೀಮಿನಿಂದ ಬರಬೇಕಾದದ್ದು ನಮ್ಮ ತಾರೀಖು ದಾಟುತ್ತದೆ ಎಂದು ತಿಳಿದರೆ, ಅವತ್ತು ಮನೆಗೆ ಹೊರಡುವ ಮುಂಚೆ ಹೇಳುವುದು.

ಹೇಳುವ ಮೆಸೇಜಿನ ಮಾದರಿಯನ್ನೂ ಮೊದಲೇ ಬರೆದಿಟ್ಟುಕೊಂಡರು. ಮನಸ್ಸು ಹಿಂಜರಿಯುವ ಹೊತ್ತಿನಲ್ಲಿ ಶಬ್ದ ಹುಡುಕುತ್ತ ಕೂತರೆ ‘ನಾಳೆ ನೋಡೋಣ’ ಎಂದಾಗುತ್ತದೆ. ರಿಫಂಡ್ ಸ್ಕ್ರೀನಿನ ಆ ಮಂಗಳವಾರ ಹೋಗಬೇಕಿದ್ದ ಮೆಸೇಜನ್ನೇ ಅಭ್ಯಾಸಕ್ಕೆ ಬರೆದರು:

“ರಿಫಂಡ್ ಸ್ಕ್ರೀನ್ ಈ ಶುಕ್ರವಾರ ಕೊಡುತ್ತೇನೆ ಎಂದಿದ್ದೆ. ಅದು ಮುಂದಿನ ಶುಕ್ರವಾರಕ್ಕೆ ಹೋಗುತ್ತದೆ. ನಮ್ಮ ಕಡೆಯ ಕೆಲಸ ಮುಗಿಯುತ್ತಾ ಬಂದಿದೆ, ಪೇಮೆಂಟ್ ಟೀಮಿನ ಎಪಿಐ ಮುಂದಿನ ವಾರ ಸಿಗುತ್ತದಂತೆ. ಈ ಶುಕ್ರವಾರವೇ ತೋರಿಸಬೇಕೆಂದರೆ ಡಮ್ಮಿ ಡೇಟಾ ಹಾಕಿ ಡೆಮೊ ಕೊಡಬಹುದು. ಯಾವುದು ಬೇಕೆಂದು ನಾಳೆ ಮಧ್ಯಾಹ್ನದೊಳಗೆ ತಿಳಿಸಿ.”

ತಾರೀಖು ಬದಲಾದದ್ದು ಎರಡನೇ ವಾಕ್ಯದಲ್ಲೇ ಇದೆ ಎನ್ನುವುದನ್ನು ಗಮನಿಸಿ. ಕಾರಣದಿಂದ ಶುರುಮಾಡಿದ ಮೆಸೇಜು ನೆಪದ ಹಾಗೆ ಓದಿಸಿಕೊಳ್ಳುತ್ತದೆ, ಕೊನೆಯ ಸಾಲಿನ ತಾರೀಖು ಯಾರ ಕಣ್ಣಿಗೂ ಬೀಳುವುದಿಲ್ಲ. ‘ಸ್ವಲ್ಪ ಡಿಲೇ ಆಗಬಹುದು’ ಎಂಬ ವಾಕ್ಯವಂತೂ ಹೇಳಿದ ಲೆಕ್ಕಕ್ಕೇ ಬರುವುದಿಲ್ಲ.

ಉಳಿದೆರಡು ದೂರುಗಳನ್ನು ಏನು ಮಾಡಿದರು? ಕೋಡ್ ರಿವ್ಯೂ ವಾದದ ಬಗ್ಗೆ ಕೇಳಿದಾಗ ಸಿಕ್ಕಿದ್ದು ಒಂದೇ ಘಟನೆ, ಅದೂ ಇನ್ನೊಬ್ಬರು ಮ್ಯಾನೇಜರ್ ಕಿವಿಗೆ ಹಾಕಿದ್ದು. ಆಕೆ ಅದನ್ನು ಒಪ್ಪಲಿಲ್ಲ, ಜಗ್ಗಾಡಲೂ ಇಲ್ಲ. “ಮುಂದಿನ ಮೂರು ತಿಂಗಳಲ್ಲಿ ಇಂಥದ್ದು ಕಂಡರೆ ಅವತ್ತೇ ಹೇಳಿ” ಎಂದು ಕೇಳಿಕೊಂಡು ಪಕ್ಕಕ್ಕಿಟ್ಟರು. ಮೀಟಿಂಗಿನ ವಿಷಯ ಆಮೇಲೆ ನೋಡೋಣ ಎಂದು ಇಬ್ಬರೂ ಒಪ್ಪಿದರು. ಹೀಗೆ ಬಾಯಿಬಿಟ್ಟು ಪಕ್ಕಕ್ಕಿಡುವುದು ಮುಖ್ಯ, ಸುಮ್ಮನೆ ಬಿಟ್ಟರೆ ಮುಂದಿನ ರಿವ್ಯೂನಲ್ಲಿ ‘ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ’ ಎಂದು ಬರುತ್ತದೆ. ಮಾತುಕತೆ ಮುಗಿದ ದಿನವೇ ಅಳತೆ, ಎರಡು ಕಟ್ಟಳೆ, ಪಕ್ಕಕ್ಕಿಟ್ಟ ವಿಷಯ, ಮೂರು ಭೇಟಿಯ ತಾರೀಖು, ಇಷ್ಟನ್ನು ಹತ್ತು ಸಾಲಿನ ಮೇಲ್‌ನಲ್ಲಿ ಕಳಿಸಿದರು. ಭೇಟಿ ನಾಲ್ಕು ವಾರಕ್ಕೊಮ್ಮೆ, ಹದಿನೈದು ನಿಮಿಷ, ಮುಂದೆ ಅದೇ ಶೀಟು.

ಐದನೇ ವಾರದಲ್ಲಿ ಎಡವಿತು. ಒಂದು ರಿಪೋರ್ಟಿನ ಕೆಲಸ ಹಿಂದೆ ಬಿದ್ದಿರುವುದು ಬುಧವಾರವೇ ಕಂಡಿತ್ತು, ಹೇಳಿದ್ದು ಸೋಮವಾರ. ‘ಶನಿವಾರ ಭಾನುವಾರ ಕೂತು ಮುಗಿಸಿಬಿಡ್ತೀನಿ, ಆಮೇಲೆ ಹೇಳೋದೇ ಬೇಡ’ ಎಂಬ ಲೆಕ್ಕಾಚಾರ. ಅರ್ಧ ಅವಧಿಯ ಗುರುತು ಕ್ಯಾಲೆಂಡರಿನಲ್ಲಿತ್ತು, ಅವತ್ತು ನೋಡಿದ್ದೂ ಆಗಿತ್ತು. ಕಟ್ಟಳೆಯಲ್ಲೇ ಒಂದು ಕಿಂಡಿ ಇತ್ತು: ‘ಗೊತ್ತಾದದ್ದು’ ಎಂದರೆ ಯಾವಾಗ ಎಂದು ಬರೆದಿರಲಿಲ್ಲ. ರಜೆಯ ದಿನ ಅಥವಾ ರಾತ್ರಿ ಕೂತರೆ ಮಾತ್ರ ಮುಗಿಯುತ್ತದೆ ಎನ್ನಿಸಿದ ಕ್ಷಣವೇ ತಡ ಗೊತ್ತಾದ ಕ್ಷಣ ಎಂದು ಸೇರಿಸಿದರು. ಈ ಬದಲಾವಣೆಯನ್ನು ಎಂಟನೇ ವಾರದ ಭೇಟಿಯಲ್ಲಿ ಆಕೆಯೇ ಮೊದಲು ಪ್ರಸ್ತಾಪಿಸಿದರು, ಮ್ಯಾನೇಜರ್ ಎತ್ತುವವರೆಗೆ ಕಾಯಲಿಲ್ಲ.

ಹನ್ನೆರಡು ವಾರದ ಕೊನೆಗೆ ಶೀಟಿನಲ್ಲಿ 7 ಕೆಲಸಗಳಿದ್ದವು. ತಡವಾದದ್ದು 3. ತಡದ ಪ್ರಮಾಣ ಕಡಿಮೆಯಾಗಲಿಲ್ಲ ಎನ್ನುವುದನ್ನು ಮುಚ್ಚಿಡುವ ಅಗತ್ಯವಿಲ್ಲ, ಅದಕ್ಕೆ ಬೇರೆಯೇ ಕೆಲಸ ಬೇಕು. ಆ ಮೂರರ ಅಂತರಗಳು ಸೊನ್ನೆ, ಮೂರು, ಒಂದು ದಿನ. ಒಂದು ಸಂದರ್ಭದಲ್ಲಿ ಸುದ್ದಿ ಮೊದಲೇ ಸಿಕ್ಕಿದ್ದರಿಂದ ಮ್ಯಾನೇಜರ್ ಕ್ಲೈಂಟ್ ಜೊತೆ ಮಾತಾಡಿ ತಾರೀಖನ್ನೇ ಬದಲಿಸಿಕೊಂಡಿದ್ದರು. ರೇಟಿಂಗ್ ಏನಾಗುತ್ತದೆ ಎನ್ನುವುದು ಬೇರೆ ಮಾತು. ಅದರಲ್ಲಿ ಬಜೆಟ್ಟು, ಇಡೀ ವಿಭಾಗದ ಹೋಲಿಕೆ ಎಲ್ಲ ಸೇರಿರುತ್ತದೆ, ಇಂಥ ಯೋಜನೆ ಅಲ್ಲಿಗೆ ಖಾತರಿ ಕೊಡುವುದಿಲ್ಲ. ಕೈಯಲ್ಲಿರುವುದು ಇಷ್ಟು: ಮುಂದಿನ ರಿವ್ಯೂ ಫಾರ್ಮ್ ತೆರೆಯುವ ಎರಡು ವಾರ ಮೊದಲು, ಹಿಂದಿನ ಮಾತು, ಅಂದಿನ ಅಂತರ, ಇಂದಿನ ಅಂತರ, ಮೂರನ್ನೂ ಒಂದೇ ಪ್ಯಾರಾದಲ್ಲಿ ಬರೆದು ಶೀಟಿನ ಜೊತೆ ಕಳಿಸುವುದು. ಫಾರ್ಮ್ ತುಂಬುವವರು ಬಹುಪಾಲು ನೆನಪಿನಿಂದಲೇ ತುಂಬುತ್ತಾರೆ.